ಟ್ಯಾಂಕಿನಲ್ಲಿ 60, ಕೊನೆಯ ಪೈಪಿನಲ್ಲಿ 37

ದೊಡ್ಡ ಆಸ್ಪತ್ರೆಯ ಅಥವಾ ಹೋಟೆಲಿನ ಬಾಯ್ಲರ್ ಕೋಣೆಯಲ್ಲಿ ಬಿಸಿನೀರಿನ ಟ್ಯಾಂಕಿನ ಮೀಟರು 60 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದರೆ ಉಸ್ತುವಾರಿಯವರಿಗೆ ನೆಮ್ಮದಿ. ಆದರೆ ಆ ಮೀಟರು ಹೇಳುವುದು ತಾನು ಕೂತಿರುವ ಜಾಗದ ಸುದ್ದಿಯನ್ನು ಮಾತ್ರ. ಅದೇ ಹೊತ್ತಿಗೆ ಐದನೇ ಮಹಡಿಯ ಕೊನೆಯ ಸ್ನಾನದ ಮನೆಗೆ ಹೋಗುವ ಪೈಪಿನಲ್ಲಿ ನೀರು 37 ಡಿಗ್ರಿಯಲ್ಲಿ ನಿಂತಿರಬಹುದು. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಹಿತವಾದ ಬಿಸಿ ಬೇರೆ ಇಲ್ಲ.

ಈ ಹೆಸರು ಬಂದದ್ದು 1976ರ ಜುಲೈನ ಒಂದು ಸಮಾವೇಶದಿಂದ. ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದವರು ಸೇರಿದ್ದರು. ಅದಾದ ಮೇಲೆ ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಮಲಗತೊಡಗಿದರು. ಸಮಾವೇಶಕ್ಕೆ ಬಂದವರು, ಬಾರದವರು ಎಲ್ಲ ಸೇರಿ 34 ಮಂದಿ ತೀರಿಕೊಂಡರು. ಕಾರಣವಾದ ಬ್ಯಾಕ್ಟೀರಿಯಾವನ್ನು ಜೋಸೆಫ್ ಮೆಕ್‌ಡೇಡ್ ಮತ್ತು ಚಾರ್ಲ್ಸ್ ಶೆಪರ್ಡ್ ಗುರುತಿಸುವ ಹೊತ್ತಿಗೆ 1977ರ ಜನವರಿ ಬಂದಿತ್ತು. ಅಲ್ಲಿ ಅನುಮಾನ ಬಿದ್ದದ್ದು ಹವಾನಿಯಂತ್ರಣದ ಕೂಲಿಂಗ್ ಟವರಿನ ಮೇಲೆ. ಕಟ್ಟಡದೊಳಗಿನ ಬಿಸಿನೀರೂ ಈ ರೋಗ ಹರಡಬಲ್ಲದು ಎಂಬುದು 1980ರ ದಶಕದ ಆರಂಭದಲ್ಲಿ ಗಟ್ಟಿಯಾಯಿತು. ಪಿಟ್ಸ್‌ಬರ್ಗಿನ ಮಾಜಿ ಸೈನಿಕರ ಆಸ್ಪತ್ರೆಯ ರೋಗಿಗಳ ಕಾಯಿಲೆಗೂ ಅಲ್ಲಿನ ನೀರಿನ ವ್ಯವಸ್ಥೆಗೂ ನಂಟಿರುವುದನ್ನು ಸಂಶೋಧಕರು ತೋರಿಸಿದರು.

ಲೀಜನೆಲ್ಲಾ ಸಾಮಾನ್ಯವಾಗಿ ದೇಹ ಸೇರುವುದು ಉಸಿರಿನ ಮೂಲಕ, ಷವರಿನಿಂದ ಏಳುವ ಸಣ್ಣ ಹನಿಗಳ ಜೊತೆ. 20ರಿಂದ 45 ಡಿಗ್ರಿಯವರೆಗಿನ ನೀರಿನಲ್ಲಿ ಅದು ಬೆಳೆಯುತ್ತದೆ. 50 ದಾಟಿದರೆ ಬೆಳವಣಿಗೆ ನಿಲ್ಲುತ್ತದೆ, ಆದರೆ ಸಾವು ನಿಧಾನ: ಹತ್ತರಲ್ಲಿ ಒಂಬತ್ತು ಸಾಯಲು ಗಂಟೆಗೂ ಹೆಚ್ಚು ಬೇಕು. 60 ಡಿಗ್ರಿಯಲ್ಲಿ ಅಷ್ಟೇ ಕೆಲಸ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಬ್ರಿಟನ್ನಿನಲ್ಲೂ ಜರ್ಮನಿಯಲ್ಲೂ ದೊಡ್ಡ ಟ್ಯಾಂಕಿಗೆ 60 ಎಂದು ನಿಗದಿಯಾದದ್ದು ಇದೇ ಲೆಕ್ಕದ ಮೇಲೆ.

ಟ್ಯಾಂಕಿನೊಳಗೇ ಒಂದು ಮೋಸವಿದೆ. ಬಿಸಿನೀರು ಮೇಲೆ ನಿಲ್ಲುತ್ತದೆ, ತಣ್ಣೀರು ತಳದಿಂದ ಒಳಬರುತ್ತದೆ. ಮೇಲ್ಭಾಗದಲ್ಲಿ 60 ಇರುವಾಗ ತಳದಲ್ಲಿ 35 ಇರುವುದು ಅಪರೂಪವೇನಲ್ಲ. ಕೆಸರು, ಸುಣ್ಣದ ಚೂರು ಕೂರುವುದೂ ಅಲ್ಲೇ. ಅದಕ್ಕೆಂದೇ ಮೇಲಿನ ನೀರನ್ನು ತಳಕ್ಕೆ ತಿರುಗಿಸುವ ಒಂದು ಸಣ್ಣ ಪಂಪನ್ನು ಜೋಡಿಸುತ್ತಾರೆ. ಬಳಕೆ ಕಡಿಮೆಯಿರುವ ಹೊತ್ತಿನಲ್ಲಿ ದಿನಕ್ಕೊಂದು ಗಂಟೆ ಅದನ್ನು ಓಡಿಸಿ ತಳವೂ 60 ಮುಟ್ಟುವಂತೆ ಮಾಡುತ್ತಾರೆ.

ಟ್ಯಾಂಕು ಸರಿಯಾದರೂ ಪೈಪು ಉಳಿಯಿತು. ರಾತ್ರಿ ಯಾರೂ ನಲ್ಲಿ ತಿರುಗಿಸದಿದ್ದರೆ ಪೈಪಿನಲ್ಲಿ ನಿಂತ ನೀರು ತಣಿಯುತ್ತಾ ಬಂದು ಅಪಾಯದ ವಲಯಕ್ಕೆ ಇಳಿಯುತ್ತದೆ. ಹಾಗಾಗದಂತೆ ದೊಡ್ಡ ಕಟ್ಟಡಗಳಲ್ಲಿ ಬಿಸಿನೀರಿನ ಪೈಪನ್ನು ಕೊನೆಯ ಮಹಡಿಗೆ ಮುಗಿಸದೆ, ರಿಟರ್ನ್ ಪೈಪಿನ ಮೂಲಕ ಮತ್ತೆ ಟ್ಯಾಂಕಿಗೇ ತರುತ್ತಾರೆ. ಒಂದು ಪಂಪು ನೀರನ್ನು ಸದಾ ಸುತ್ತಿಸುತ್ತಿರುತ್ತದೆ. ಟ್ಯಾಂಕಿನಿಂದ 60ರಲ್ಲಿ ಹೊರಟ ನೀರು ಮರಳುವಾಗ 55ಕ್ಕಿಂತ ಕೆಳಗಿರಬಾರದು ಎಂಬುದು ಜರ್ಮನಿಯ ನಿಯಮ. ಬ್ರಿಟನ್ನಿನಲ್ಲಿ ಸಾಮಾನ್ಯ ಕಟ್ಟಡಕ್ಕೆ 50, ಆಸ್ಪತ್ರೆಗೆ 55.

ಎಷ್ಟು ನೀರು ಸುತ್ತಬೇಕು? ಲೆಕ್ಕಕ್ಕೊಂದು ಕಟ್ಟಡ ಇಟ್ಟುಕೊಳ್ಳಬಹುದು. ಹೊದಿಕೆ ಸುತ್ತಿದ 200 ಮೀಟರ್ ಪೈಪು, ಪ್ರತಿ ಮೀಟರಿಗೆ 10 ವ್ಯಾಟ್ ಬಿಸಿ ಸೋರಿಕೆ; ಒಟ್ಟು 2000 ವ್ಯಾಟ್. ಅಷ್ಟು ಬಿಸಿ ಕಳೆದುಕೊಂಡೂ ನೀರು ಐದೇ ಡಿಗ್ರಿ ಇಳಿಯಬೇಕಾದರೆ ನಿಮಿಷಕ್ಕೆ ಸುಮಾರು 5.7 ಲೀಟರ್ ಸುತ್ತಿದರೆ ಸಾಕು. ಇದಕ್ಕೆ ದೊಡ್ಡ ಪಂಪು ಬೇಡ.

ತೊಡಕು ಇರುವುದು ಹಂಚಿಕೆಯಲ್ಲಿ. ಈ ಕಟ್ಟಡದಲ್ಲಿ ಮೇಲೇರುವ ಪೈಪುಗಳು, ಪ್ಲಂಬರುಗಳ ಮಾತಿನಲ್ಲಿ ರೈಸರುಗಳು, ನಾಲ್ಕಿವೆ ಎನ್ನೋಣ. ನೀರು ಸಲೀಸಾದ ದಾರಿ ಹಿಡಿಯುತ್ತದೆ: ಪಂಪಿಗೆ ಹತ್ತಿರದ ಮೂರು ರೈಸರುಗಳಲ್ಲಿ ನಿಮಿಷಕ್ಕೆ 1.8 ಲೀಟರಿನಂತೆ ಓಡಿ, ದೂರದ ನಾಲ್ಕನೆಯದಕ್ಕೆ ಉಳಿಯುವುದು 0.3 ಲೀಟರ್. ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಮೊದಲ ಮೂರರಿಂದ 56 ಡಿಗ್ರಿಯ ನೀರು ಮರಳುತ್ತದೆ, ನಾಲ್ಕನೆಯದರಿಂದ 37ರದ್ದು. ನಾಲ್ಕೂ ಕೂಡಿದ ಮುಖ್ಯ ರಿಟರ್ನ್ ಪೈಪಿನ ಮೀಟರು ಎಷ್ಟು ತೋರಿಸುತ್ತದೆ? ಸರಿಯಾಗಿ 55. ನಿಯಮ ಪಾಲನೆಯಾಯಿತೆಂದು ಪುಸ್ತಕದಲ್ಲಿ ದಾಖಲಾಗುತ್ತದೆ, ನಾಲ್ಕನೇ ರೈಸರಿನಲ್ಲಿ ಲೀಜನೆಲ್ಲಾ ಬೆಳೆಯುತ್ತಲೇ ಇರುತ್ತದೆ.

ಕಂಡುಹಿಡಿಯುವ ಉಪಾಯ ಸರಳ, ಆದರೆ ಬೇಸರದ್ದು. ಪ್ರತಿ ರೈಸರಿನ ರಿಟರ್ನ್ ಪೈಪಿಗೂ ತಾಪಮಾಪಕ ಹಿಡಿದು ಬೇರೆಬೇರೆಯಾಗಿ ಓದಬೇಕು, ಅದೂ ಜನ ಏಳುವ ಮುನ್ನ. ಬೆಳಗಿನ ಸ್ನಾನದ ಹೊತ್ತಿಗೆ ನಲ್ಲಿಗಳು ತೆರೆದಿದ್ದರೆ ಟ್ಯಾಂಕಿನ ಬಿಸಿ ಎಲ್ಲ ಪೈಪಿಗೂ ನುಗ್ಗಿ ದೋಷವನ್ನು ಮುಚ್ಚಿಬಿಡುತ್ತದೆ. ಒಂದು ಪೈಪು ಮಾತ್ರ ತಣ್ಣಗಿದ್ದರೆ ಅದರ ಬ್ಯಾಲೆನ್ಸಿಂಗ್ ವಾಲ್ವ್ ತಪ್ಪಾಗಿ ಹೊಂದಿಸಿರಬಹುದು, ಕಸ ಕಟ್ಟಿರಬಹುದು, ಮೇಲ್ತುದಿಯಲ್ಲಿ ಗಾಳಿ ಸಿಕ್ಕಿರಬಹುದು. ಹತ್ತಿರದ ವಾಲ್ವ್‌ಗಳನ್ನು ಸ್ವಲ್ಪ ಬಿಗಿಮಾಡಿ ನಾಲ್ಕಕ್ಕೂ 1.4 ಲೀಟರಿನಷ್ಟು ಸಿಗುವಂತೆ ಮಾಡಿದರೆ ಅದೇ ಪಂಪಿನಲ್ಲಿ ನಾಲ್ಕೂ 55ರ ಹತ್ತಿರ ಬರುತ್ತವೆ. ಹೀಗೆ ಮಾಡುವ ಬದಲು ಟ್ಯಾಂಕನ್ನು 65ಕ್ಕೆ ಏರಿಸುವುದೇ ರೂಢಿ. ಅದರಿಂದ ಕರೆಂಟ್ ಬಿಲ್ಲು ಏರುತ್ತದೆ. ನಾಲ್ಕನೇ ರೈಸರು ಅಪಾಯದ ವಲಯ ಬಿಟ್ಟು ಹೊರಬರುವುದಿಲ್ಲ.

60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಮಕ್ಕಳಿಗೂ ವೃದ್ಧರಿಗೂ ಇನ್ನೂ ಬೇಗ. ಹಾಗೆಂದು ಟ್ಯಾಂಕಿನ ಬಾಯಲ್ಲೇ ತಣ್ಣೀರು ಬೆರೆಸಿ ಇಡೀ ಕಟ್ಟಡಕ್ಕೆ 42ರ ನೀರು ಕಳಿಸಿದರೆ ಎಲ್ಲ ಪೈಪುಗಳನ್ನೂ ಬ್ಯಾಕ್ಟೀರಿಯಾಕ್ಕೆ ಬಿಟ್ಟುಕೊಟ್ಟಂತೆ. ಬೆರೆಸುವ ವಾಲ್ವ್ ಇರಬೇಕಾದದ್ದು ನಲ್ಲಿಯ ಪಕ್ಕದಲ್ಲಿ. ಆ ವಾಲ್ವಿನಿಂದಾಚೆಗೆ ಸುತ್ತುವ ನೀರು ತಲುಪುವುದಿಲ್ಲ, ಆದ್ದರಿಂದ ಅಲ್ಲಿನ ಪೈಪು ಗಿಡ್ಡವಾಗಿದ್ದಷ್ಟೂ ಒಳ್ಳೆಯದು. ಷವರ್ ಕಿತ್ತುಹಾಕಿ ಪೈಪನ್ನು ಗೋಡೆಯೊಳಗೇ ಮುಚ್ಚಿಟ್ಟಿದ್ದರೆ ಅಲ್ಲೂ ಇದೇ ಕತೆ.

ಬ್ಯಾಕ್ಟೀರಿಯಾ ಸಿಕ್ಕಿಬಿದ್ದಾಗ ಟ್ಯಾಂಕನ್ನು 70 ಡಿಗ್ರಿಗೆ ಏರಿಸಿ ಪ್ರತಿ ನಲ್ಲಿಯನ್ನೂ ಕೆಲವು ನಿಮಿಷ ಬಿಡುವ ಪದ್ಧತಿಯಿದೆ. ಎಣಿಕೆ ಥಟ್ಟನೆ ಇಳಿಯುತ್ತದೆ. ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮತ್ತೆ ಏರುವುದೂ ಉಂಟು. ಲೀಜನೆಲ್ಲಾ ಪೈಪಿನ ಒಳಗೋಡೆಯ ಲೋಳೆಯಲ್ಲಿ ಅಡಗುತ್ತದೆ. ಅಲ್ಲಿನ ಅಮೀಬಾಗಳ ಹೊಟ್ಟೆಯೊಳಗೂ ಬೆಳೆಯಬಲ್ಲದು ಎಂದು ಬ್ರಿಟನ್ನಿನ ಟಿಮೊತಿ ರೋಬಾಥಮ್ 1980ರಲ್ಲೇ ತೋರಿಸಿದ್ದರು. ಸುತ್ತು ಸರಿಯಿಲ್ಲದ ಕಟ್ಟಡದಲ್ಲಿ ಈ ಶಾಖೋಪಚಾರವನ್ನು ಪದೇಪದೇ ಮಾಡುತ್ತಲೇ ಇರಬೇಕಾಗುತ್ತದೆ.

ಕರ್ನಾಟಕದಲ್ಲಿ ಬಿಸಿನೀರು ಬಹಳಷ್ಟು ಕಡೆ ಸೌರಶಕ್ತಿಯಿಂದ ಬರುತ್ತದೆ. ಬಿಸಿಲಿನ ದಿನ 60 ದಾಟುವ ಟ್ಯಾಂಕು ಜುಲೈನ ಮೋಡದಲ್ಲಿ 40ರ ಆಸುಪಾಸಿನಲ್ಲಿ ನಿಲ್ಲಬಹುದು. ಬಕೆಟ್ ಸ್ನಾನದ ಸಣ್ಣ ಮನೆಗೆ ಅದು ಅಷ್ಟು ದೊಡ್ಡ ವಿಷಯವಲ್ಲ; ನೂರು ಷವರುಗಳಿರುವ ಹಾಸ್ಟೆಲಿಗೆ ಅಥವಾ ಆಸ್ಪತ್ರೆಗೆ ಪೂರಕ ಹೀಟರು ತಾನಾಗಿ ಚಾಲೂ ಆಗಿ 60 ಮುಟ್ಟಿಸುವ ಏರ್ಪಾಡು ಬೇಕು. ತಣ್ಣೀರನ್ನು 20 ಡಿಗ್ರಿಗಿಂತ ಕೆಳಗಿಡಿ ಎಂಬ ಬ್ರಿಟನ್ನಿನ ಇನ್ನೊಂದು ನಿಯಮವಂತೂ ಇಲ್ಲಿ ನಡೆಯದ ಮಾತು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ತಾರಸಿಯ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕಿನ ‘ತಣ್ಣೀರು’ ತಾನೇ ಬ್ಯಾಕ್ಟೀರಿಯಾಕ್ಕೆ ಹಿತವಾದ ಬಿಸಿಗೆ ಬಂದಿರುತ್ತದೆ. ಅಂಥ ಕಡೆ ತಣ್ಣೀರಿನ ಪಾಲಿಗೆ ಉಳಿಯುವುದು ನೆರಳು, ಕ್ಲೋರಿನ್, ಮತ್ತು ನೀರು ಟ್ಯಾಂಕಿನಲ್ಲಿ ದಿನಗಟ್ಟಲೆ ನಿಲ್ಲದಂಥ ಬಳಕೆ.