ಡ್ಯೂಟಿ ಬದಲಿ: ವಾಟ್ಸಾಪ್ ಮಾತಿನಿಂದ ಲಿಖಿತ ಮನವಿಗೆ

ಮಾಸ್ಟ್ರಿಕ್ಟ್ ಯುಎಂಸಿ+ ಆಸ್ಪತ್ರೆಯಲ್ಲಾಗಲಿ, ಮರ್ಸಿಡಿಸ್-ಬೆಂಜ್ ಗ್ರಾಹಕ ಸೇವಾ ಕೇಂದ್ರದಂಥ ಬಹುಭಾಷಾ ಕಾಲ್‌ಸೆಂಟರಿನಲ್ಲಾಗಲಿ ಪಾಳಿ ಕೆಲಸ ಮಾಡುವವರಿಗೆ ಡ್ಯೂಟಿ ಬದಲಾಯಿಸಿಕೊಳ್ಳುವ ಅಗತ್ಯ ಬಂದೇ ಬರುತ್ತದೆ. ಇಲ್ಲಿ ಇದಕ್ಕೆ 'ಡೀನ್ಸ್ಟ್ ರೌಲೆನ್' ಅಂತಾರೆ, ಅಂದರೆ ಪಾಳಿಯ ಅದಲುಬದಲು. ನಮ್ಮವರು ಸಾಮಾನ್ಯವಾಗಿ ಇದನ್ನು ಫೋನಿನಲ್ಲೋ ವಾಟ್ಸಾಪಿನಲ್ಲೋ ಮುಗಿಸಿಬಿಡುತ್ತಾರೆ. ಕೇಳುವುದಕ್ಕೆ ಅಷ್ಟು ಸಾಕು. ಆದರೆ ರೋಸ್ಟರಿನಲ್ಲಿ, ಅಂದರೆ ಪಾಳಿಪಟ್ಟಿಯಲ್ಲಿ, ಹೆಸರು ಬದಲಾಗುವ ತನಕ ಆ ಡ್ಯೂಟಿ ನಿಮ್ಮದೇ. ಒಪ್ಪಿಕೊಂಡವರು ಬರದೇ ಹೋದರೆ ಗೈರುಹಾಜರಿ ಬೀಳುವುದು ನಿಮ್ಮ ಹೆಸರಿಗೆ.

ಹಣದ ಲೆಕ್ಕವೂ ಇದೆ. ಸಂಜೆ, ರಾತ್ರಿ, ವಾರಾಂತ್ಯದ ಕೆಲಸಕ್ಕೆ ಆಸ್ಪತ್ರೆಗಳಲ್ಲಿ ಸಿಗುವ ಹೆಚ್ಚುವರಿ ಭತ್ಯೆಯನ್ನು ಇಲ್ಲಿ ಓಆರ್‌ಟಿ ಅನ್ನುತ್ತಾರೆ. ಅದು ದಿನ ಮತ್ತು ಗಂಟೆ ನೋಡಿ ಬದಲಾಗುತ್ತದೆ. ರೋಸ್ಟರಿನಲ್ಲಿ ಬದಲಿ ದಾಖಲಾಗದಿದ್ದರೆ ಒಬ್ಬರು ದುಡಿದ ಭತ್ಯೆ ಇನ್ನೊಬ್ಬರ ಖಾತೆಗೆ ಹೋಗಬಹುದು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ

ಒಂದು ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಇಬ್ಬರು ಕನ್ನಡದ ನರ್ಸುಗಳಿದ್ದಾರೆ ಅಂದುಕೊಳ್ಳಿ. ಹಿರಿಯಾಕೆಯನ್ನು ಅಕ್ಕ, ಕಿರಿಯಾಕೆಯನ್ನು ತಂಗಿ ಅನ್ನೋಣ. ಅಕ್ಕ ಹೀಗೆ ಮೆಸೇಜ್ ಹಾಕುತ್ತಾಳೆ:

"ಏ, ಶನಿವಾರ ಸಂಜೆ ನನ್ನ ಡ್ಯೂಟಿ ನೀ ಮಾಡ್ತೀಯೇನೇ? ಊರಿಂದ ಅಣ್ಣ-ಅತ್ತಿಗೆ ಬರ್ತಿದಾರೆ, ಬ್ರಸೆಲ್ಸ್ ಏರ್‌ಪೋರ್ಟಿಂದ ಕರ್ಕೊಂಡು ಬರ್ಬೇಕು. ನಿನ್ನ ಭಾನುವಾರ ಬೆಳಿಗ್ಗೆದು ನಾ ಮಾಡ್ತೀನಿ."

"ಆಯ್ತಕ್ಕಾ, ನೋಡ್ಕೋತೀನಿ ಬಿಡಿ."

ಈ ಮಾತಿನಲ್ಲಿ ಮೂರು ವಿಷಯ ಇಲ್ಲ. ಒಂದು, ಯಾವ ಶನಿವಾರ ಅನ್ನುವುದು. ಎರಡು, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅನ್ನುವುದು. ಮೂರನೆಯದು, "ನೋಡ್ಕೋತೀನಿ" ಅಂದರೆ "ಖಂಡಿತ ಮಾಡ್ತೀನಿ" ಅಂತಲೋ, "ಆದರೆ ನೋಡೋಣ" ಅಂತಲೋ ಅನ್ನುವುದು. ಅಕ್ಕ ಮೊದಲನೆಯ ಅರ್ಥ ಹಿಡಿದು ಏರ್‌ಪೋರ್ಟಿಗೆ ಹೊರಡುತ್ತಾಳೆ. ತಂಗಿ ಹೇಳಿದ್ದು ಎರಡನೆಯ ಅರ್ಥದಲ್ಲಿ ಆಗಿದ್ದರೆ ಶನಿವಾರ ಸಂಜೆ ವಾರ್ಡಿನಲ್ಲಿ ಒಬ್ಬರು ಕಡಿಮೆ.

ಇನ್ನೂ ದೊಡ್ಡ ತೊಂದರೆ ಮೆಸೇಜಿನಲ್ಲಿ ಕಾಣುವುದೇ ಇಲ್ಲ. ತಂಗಿಗೆ ಶುಕ್ರವಾರ ರಾತ್ರಿ 23:00ರಿಂದ ಶನಿವಾರ ಬೆಳಿಗ್ಗೆ 7:30ರವರೆಗೆ ರಾತ್ರಿಪಾಳಿ ಇದೆ. ಅಕ್ಕನ ಸಂಜೆಪಾಳಿ ಶನಿವಾರ 15:00ಕ್ಕೆ ಶುರು. ಮಧ್ಯೆ ಸಿಗುವುದು ಏಳೂವರೆ ಗಂಟೆ ಮಾತ್ರ.

ವಿಶ್ರಾಂತಿಯ ಲೆಕ್ಕ

ನೆದರ್ಲ್ಯಾಂಡ್ಸಿನ ಕೆಲಸದ ವೇಳೆ ಕಾಯ್ದೆಯ ಹೆಸರು 'ಆರ್ಬೈಡ್ಸ್‌ಟೈಡನ್‌ವೆಟ್'. ಅದರ ಪ್ರಕಾರ ಒಂದು ದಿನದ ಕೆಲಸ ಮುಗಿದ ಮೇಲೆ ಸತತ 11 ಗಂಟೆ ವಿಶ್ರಾಂತಿ ಸಿಗಬೇಕು. ಬೆಳಗಿನ ಜಾವ 2 ಗಂಟೆ ದಾಟಿ ಮುಗಿಯುವ ರಾತ್ರಿಪಾಳಿಯ ನಂತರ 14 ಗಂಟೆ ಬೇಕು. ಸತತ ಮೂರು ಅಥವಾ ಹೆಚ್ಚು ರಾತ್ರಿಪಾಳಿ ಮಾಡಿದ್ದರೆ 46 ಗಂಟೆ. ಇದಲ್ಲದೆ ಏಳು ದಿನಗಳ ಅವಧಿಯೊಳಗೆ ಒಮ್ಮೆಯಾದರೂ ಸತತ 36 ಗಂಟೆ ಬಿಡುವು ಇರಬೇಕು. ಕೆಲಸದ ಸ್ವರೂಪಕ್ಕೆ ಅನಿವಾರ್ಯವಾದಾಗ 11 ಮತ್ತು 14 ಗಂಟೆಯ ವಿಶ್ರಾಂತಿಯನ್ನು ವಾರಕ್ಕೊಮ್ಮೆ 8 ಗಂಟೆಗೆ ಇಳಿಸಲು ಅವಕಾಶ ಇದೆ. ಆದರೆ ಇಬ್ಬರು ಸಹೋದ್ಯೋಗಿಗಳ ಅನುಕೂಲಕ್ಕೆ ಅದನ್ನು ಬಳಸಿಕೊಳ್ಳಬಹುದು ಅಂತ ನಂಬಿ ಕೂರಬೇಡಿ.

ತಂಗಿಗೆ 14 ಗಂಟೆ ಬೇಕಿತ್ತು, ಉಳಿದದ್ದು ಏಳೂವರೆ. ಹಾಗಾಗಿ ಇಬ್ಬರೂ ಮನಸಾರೆ ಒಪ್ಪಿದರೂ ಈ ಬದಲಿ ಆಗುವುದಿಲ್ಲ. ಕಾಯ್ದೆ ಪಾಲನೆಯ ಹೊಣೆ ಇರುವುದು ಮಾಲೀಕರ ಮೇಲೆ. ಕಾರ್ಮಿಕ ತಪಾಸಣಾ ಇಲಾಖೆ ದಂಡ ಹಾಕುವುದೂ ಅವರಿಗೇ. ಮ್ಯಾನೇಜರ್ "ಆಗಲ್ಲ" ಅಂದಾಗ ಅದು ನಿಮ್ಮ ಮೇಲಿನ ಸಿಟ್ಟು ಅಂದುಕೊಳ್ಳಬೇಡಿ. ಬಹಳ ಸಲ ಕಾರಣ ಈ ಗಂಟೆಗಳ ಲೆಕ್ಕವೇ ಆಗಿರುತ್ತದೆ.

ಈಗ ಅಕ್ಕ ಅದೇ ವಾರ್ಡಿನ ಮತ್ತೊಬ್ಬ ನರ್ಸನ್ನು, ಕೇರಳದ ಗೆಳತಿಯನ್ನು, ಕೇಳುತ್ತಾಳೆ. ಆಕೆಗೆ ಶುಕ್ರವಾರ 16:00ಕ್ಕೆ ಕೆಲಸ ಮುಗಿಯುತ್ತದೆ, ಶನಿವಾರ ರಜೆ, ಭಾನುವಾರ 15:00ರಿಂದ 23:00ರವರೆಗೆ ಸಂಜೆಪಾಳಿ, ಸೋಮವಾರ ಮತ್ತೆ 15:00ಕ್ಕೆ ಶುರು. ಅಕ್ಕನಿಗೂ ಶುಕ್ರವಾರ 16:00ಕ್ಕೆ ಮುಗಿಯುತ್ತದೆ. ಭಾನುವಾರ, ಸೋಮವಾರ ರಜೆ, ಮಂಗಳವಾರ ಬೆಳಿಗ್ಗೆ 7:30ಕ್ಕೆ ಡ್ಯೂಟಿ.

ಬದಲಿ ಅಂದರೆ ಇಬ್ಬರೂ ಒಂದು ಪಾಳಿ ಕೊಟ್ಟು ಇನ್ನೊಂದು ತಗೊಳ್ಳುವುದು. ಹಾಗಾಗಿ ಒಬ್ಬೊಬ್ಬರಿಗೂ ಹೊಸ ಪಾಳಿಯ ಮೊದಲು ಎಷ್ಟು ಬಿಡುವು, ಆಮೇಲೆ ಎಷ್ಟು ಬಿಡುವು ಅಂತ ಒಟ್ಟು ನಾಲ್ಕು ಅಂತರ ಎಣಿಸಬೇಕು. ಗೆಳತಿ ಶನಿವಾರ ಸಂಜೆ ಮಾಡಿದರೆ ಮೊದಲು 23 ಗಂಟೆ, ನಂತರ ಸೋಮವಾರದವರೆಗೆ 40 ಗಂಟೆ. ಅಕ್ಕ ಭಾನುವಾರ ಸಂಜೆ ಮಾಡಿದರೆ ಮೊದಲು 47 ಗಂಟೆ, ನಂತರ ಮಂಗಳವಾರದವರೆಗೆ 32 ಗಂಟೆ 30 ನಿಮಿಷ. ನಾಲ್ಕೂ 11ಕ್ಕಿಂತ ಹೆಚ್ಚು. ಇಬ್ಬರಿಗೂ ವಾರದ 36 ಗಂಟೆಯ ಬಿಡುವೂ ಉಳಿಯಿತು. ಬಹಳ ಮಂದಿ ಬದಲಿಯ ದಿನವನ್ನಷ್ಟೇ ನೋಡಿ ಮರುದಿನದ ಬೆಳಿಗ್ಗೆ ಪಾಳಿಯನ್ನು ಮರೆಯುತ್ತಾರೆ. ರಾತ್ರಿ 23:00ಕ್ಕೆ ಮುಗಿಸಿ ಬೆಳಿಗ್ಗೆ 7:30ಕ್ಕೆ ಹಾಜರಾದರೆ ಎಂಟೂವರೆ ಗಂಟೆಯ ಬಿಡುವು ಮಾತ್ರ. ಹೆಚ್ಚಿನ ಬದಲಿಗಳು ಎಡವುವುದು ಇಲ್ಲೇ.

ಇನ್ನೊಂದು ಪರೀಕ್ಷೆ, ಇಬ್ಬರೂ ಒಂದೇ ಕೆಲಸಕ್ಕೆ ಅರ್ಹರೇ ಅನ್ನುವುದು. ಇಲ್ಲಿ ನೋಂದಾಯಿತ ನರ್ಸುಗಳ ಹೆಸರು 'ಬಿಗ್' ರಿಜಿಸ್ಟರಿನಲ್ಲಿರುತ್ತದೆ. ಅವರ ಪಾಳಿಗೆ ಸಹಾಯಕರನ್ನು ಹಾಕಲು ಬರುವುದಿಲ್ಲ. ಕಾಲ್‌ಸೆಂಟರಿನಲ್ಲಿ ಇದೇ ಪ್ರಶ್ನೆ ಭಾಷೆಯದು. ಇಂಗ್ಲಿಷ್ ಲೈನಿನವರು ಜರ್ಮನ್ ಲೈನಿನವರ ಜಾಗಕ್ಕೆ ಕೂರಲಾಗದು.

ಅದೇ ಮಾತನ್ನು ಮನವಿಯಾಗಿ ಬರೆಯುವುದು

ಊರಿನಲ್ಲಿ ನಾವು ಕಲಿತ ಅರ್ಜಿ "ಮಾನ್ಯರೇ, ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ" ಅಂತ ಶುರುವಾಗಿ, ಮನೆಯ ಕಷ್ಟವೆಲ್ಲ ಹೇಳಿ, ಕೊನೆಗೆ ದಿನಾಂಕಕ್ಕೆ ಬರುತ್ತದೆ. ಇಲ್ಲಿ ಅದು ತಲೆಕೆಳಗು. ಮ್ಯಾನೇಜರಿಗೂ ಸಾಮಾನ್ಯವಾಗಿ 'ಬೆಸ್ಟೆ' ಅಂತ ಬರೆದು ಮೊದಲ ಹೆಸರು ಹಾಕುತ್ತಾರೆ, ಅದು ಅಗೌರವ ಅಲ್ಲ. ಮೊದಲ ಸಾಲಿನಲ್ಲೇ ದಿನಾಂಕ, ಗಂಟೆ ಬರಬೇಕು. ಇಲ್ಲಿಯ ರೋಸ್ಟರುಗಳಲ್ಲಿ ವಾರದ ಸಂಖ್ಯೆಯೂ ಬಳಕೆಯಲ್ಲಿದೆ, ಅದನ್ನೂ ಹಾಕಿ. ಬದಲಿಗೆ ಕಾರಣ ಹೇಳುವುದಾದರೆ ಒಂದು ವಾಕ್ಯ ಸಾಕು. ಅಕ್ಕನ ಮೆಸೇಜು ಮನವಿಯಾದಾಗ ಹೀಗಿರುತ್ತದೆ:

"ವಿಷಯ: ಪಾಳಿ ಅದಲುಬದಲು, ವಾರ 24, 13 ಮತ್ತು 14 ಜೂನ್ 2026.

ಶನಿವಾರ 13 ಜೂನ್, 15:00ರಿಂದ 23:00ರ ನನ್ನ ಸಂಜೆಪಾಳಿಯನ್ನು ನನ್ನ ಸಹೋದ್ಯೋಗಿ (ಪೂರ್ಣ ಹೆಸರು) ಅವರ ಭಾನುವಾರ 14 ಜೂನ್, 15:00ರಿಂದ 23:00ರ ಸಂಜೆಪಾಳಿಯೊಂದಿಗೆ ಬದಲಾಯಿಸಿಕೊಳ್ಳಲು ಅನುಮತಿ ಕೇಳುತ್ತಿದ್ದೇನೆ. ಅವರು ಒಪ್ಪಿದ್ದಾರೆ, ಈ ಇಮೇಲಿನ ಪ್ರತಿ ಅವರಿಗೂ ಹೋಗಿದೆ. ಇಬ್ಬರ ವಿಶ್ರಾಂತಿ ವೇಳೆ ಲೆಕ್ಕ ಹಾಕಿದ್ದೇವೆ, ಅತಿ ಕಡಿಮೆ ಅಂತರ 23 ಗಂಟೆ. ಒಪ್ಪಿಗೆಯಾದರೆ ರೋಸ್ಟರಿನಲ್ಲಿ ಬದಲಿಸಿ, 5 ಜೂನ್ ಒಳಗೆ ತಿಳಿಸುವಿರಾ? ಅಲ್ಲಿಯವರೆಗೆ ಈಗಿನ ರೋಸ್ಟರಿನಂತೆಯೇ ಹಾಜರಾಗುತ್ತೇವೆ."

ಇದನ್ನು ನಿಮ್ಮ ಕೆಲಸದ ಜಾಗದ ಭಾಷೆಗೆ, ಡಚ್ಚಿಗೋ ಇಂಗ್ಲಿಷಿಗೋ, ಇದೇ ಕ್ರಮದಲ್ಲಿ ತನ್ನಿ. ಕೊನೆಯ ವಾಕ್ಯ ಬಿಡಬೇಡಿ. ಉತ್ತರ ಬರುವ ತನಕ ಯಾರು ಹೊಣೆ ಅನ್ನುವುದನ್ನು ಅದು ಸ್ಪಷ್ಟ ಮಾಡುತ್ತದೆ. ಸಹೋದ್ಯೋಗಿ ಅದೇ ಇಮೇಲಿಗೆ "ನಾನು ಒಪ್ಪಿದ್ದೇನೆ" ಅಂತ ಒಂದು ಸಾಲು ಉತ್ತರಿಸಲಿ. ರೋಸ್ಟರ್ ಆಪಿನಲ್ಲೇ ಬದಲಿಯ ಸೌಲಭ್ಯ ಇದ್ದರೆ ಅಲ್ಲೇ ಹಾಕಿ. ಹೆಸರು ಬದಲಾದ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ನೀವು ಏಜೆನ್ಸಿಯ ಮೂಲಕ ಕೆಲಸಕ್ಕೆ ಸೇರಿದ್ದರೆ ಕಾಗದದ ಮೇಲೆ ಏಜೆನ್ಸಿಯೇ ನಿಮ್ಮ ಮಾಲೀಕ. ಅವರಿಗೂ ಒಂದು ಪ್ರತಿ ಹೋಗಲಿ.

ಒಂದು ಸಲದ ಬದಲಿ ಅಲ್ಲ, ಕಾಯಂ ಬದಲಾವಣೆ ಬೇಕಾದರೆ

ಮಂಗಳವಾರ ಸಂಜೆ ಡಚ್ ಕ್ಲಾಸು ಇದೆ, ಆ ದಿನ ಸಂಜೆಪಾಳಿ ಬೇಡ ಅಂತ ಪ್ರತಿ ವಾರ ಯಾರನ್ನಾದರೂ ಹುಡುಕುತ್ತಾ ಕೂರುವವರಿದ್ದಾರೆ. ಇದಕ್ಕೆ ಬೇರೆ ದಾರಿ ಇದೆ. 2016ರ ಜನವರಿ 1ರಿಂದ ಜಾರಿಯಲ್ಲಿರುವ 'ವೆಟ್ ಫ್ಲೆಕ್ಸಿಬೆಲ್ ವೆರ್ಕನ್' ಕಾಯ್ದೆಯಲ್ಲಿ ಕೆಲಸದ ವೇಳೆ ಬದಲಿಸಲು ಮನವಿ ಕೊಡಬಹುದು. ಸಂಸ್ಥೆಯಲ್ಲಿ ಕನಿಷ್ಠ 10 ಮಂದಿ ಕೆಲಸಗಾರರಿರಬೇಕು. ಬದಲಾವಣೆ ಶುರುವಾಗುವ ದಿನಕ್ಕೆ ನಿಮಗೆ ಅಲ್ಲಿ 26 ವಾರ ತುಂಬಿರಬೇಕು.

ಮನವಿ ಲಿಖಿತವಾಗಿರಬೇಕು, ಎರಡು ತಿಂಗಳು ಮುಂಚೆ ತಲುಪಬೇಕು. ಸೆಪ್ಟೆಂಬರ್ 1ರಿಂದ ಬದಲಾವಣೆ ಬೇಕಾದರೆ ಜುಲೈ 1ರೊಳಗೆ ಕೊಡಿ. ಯಾವ ದಿನದಿಂದ, ಯಾವ ವಾರ ಯಾವ ವೇಳೆ ಅಂತ ಖಚಿತವಾಗಿ ಬರೆಯಿರಿ. ಮಾಲೀಕರು ಒಂದು ತಿಂಗಳು ಮುಂಚೆ, ಅಂದರೆ ಆಗಸ್ಟ್ 1ರೊಳಗೆ, ನಿರ್ಧಾರ ತಿಳಿಸಬೇಕು. ತಿಳಿಸದಿದ್ದರೆ ನೀವು ಕೇಳಿದಂತೆಯೇ ಬದಲಾವಣೆ ಆದ ಹಾಗೆ. ಕೊಟ್ಟ ದಿನದ ಸಾಕ್ಷಿ ಇಲ್ಲದಿದ್ದರೆ ಈ ಹಕ್ಕು ಕೈಗೆ ಸಿಗುವುದಿಲ್ಲ, ಅದಕ್ಕೇ ಇಮೇಲ್. ಬೇಡ ಅನ್ನಲು ಅವರಿಗೆ ಸಂಸ್ಥೆಯ ಗಂಭೀರ ಹಿತದ ಕಾರಣ ಬೇಕು, ಉದಾಹರಣೆಗೆ ಪಾಳಿಪಟ್ಟಿ ತುಂಬಲು ನಿಜಕ್ಕೂ ಆಗದಿರುವುದು. ಆ ಕಾರಣವನ್ನು ಬರೆದು ಕೊಡಬೇಕು. ಒಮ್ಮೆ ನಿರ್ಧಾರವಾದರೆ ಮತ್ತೆ ಕೇಳಲು ಒಂದು ವರ್ಷ ಕಾಯಬೇಕಾಗುತ್ತದೆ. ಆದ್ದರಿಂದ ಮನವಿಯನ್ನು ಅವಸರದಲ್ಲಿ ಅರೆಬರೆಯಾಗಿ ಕೊಡಬೇಡಿ.

ಬದಲಿ ಹುಡುಕಬಾರದ ಸಂದರ್ಭ

ಮಗುವಿಗೆ ದಿಢೀರನೆ ಹುಷಾರು ತಪ್ಪಿ ಡೇಕೇರಿನಿಂದ ಫೋನ್ ಬಂತು ಅನ್ನಿ. ಆಗ ಬದಲಿಗೆ ಯಾರು ಸಿಗುತ್ತಾರೆ ಅಂತ ಹತ್ತು ಜನಕ್ಕೆ ಮೆಸೇಜ್ ಹಾಕುತ್ತಾ ನಿಲ್ಲಬೇಡಿ. ಇಂಥ ತುರ್ತಿಗೆ ಸಂಬಳಸಹಿತ ಅಲ್ಪಾವಧಿ ರಜೆ ಕಾನೂನಿನಲ್ಲೇ ಇದೆ, 'ಕಲಾಮಿಟೈಟನ್‌ವೆರ್ಲೋಫ್' ಅನ್ನುತ್ತಾರೆ. ತಕ್ಷಣ ಫೋನ್ ಮಾಡಿ ಈ ಹೆಸರು ಹೇಳಿಯೇ ಕೇಳಿ, ಆಮೇಲೆ ಎರಡು ಸಾಲು ಬರೆದು ಕಳಿಸಿ. ನಿಮಗೇ ಹುಷಾರಿಲ್ಲದಿದ್ದರೆ ಅದು ಕಾಯಿಲೆಯ ವರದಿ, ಬದಲಿ ಅಲ್ಲ. ಕಾಯಿಲೆಯನ್ನು ಬದಲಿಯಾಗಿ ಬರೆಸಿಕೊಂಡರೆ ಆ ಗಂಟೆಗಳನ್ನು ಮತ್ತೊಂದು ದಿನ ನೀವೇ ದುಡಿದು ತೀರಿಸಬೇಕಾಗುತ್ತದೆ.