ಗೂಟ ಎರಡು ಮೀಟರ್ ಸರಿದರೆ

ಹೊಸ ಟ್ರಾನ್ಸ್‌ಫಾರ್ಮರ್ ಯಾರ್ಡಿನಲ್ಲಿ ಅರ್ಥಿಂಗ್ ಕೆಲಸ ಮುಗಿದಿದೆ ಎಂದುಕೊಳ್ಳಿ. ಅಂಗಳದ ಅಡಿಯಲ್ಲಿ 11 ಮೀಟರ್ ಉದ್ದ, 11 ಮೀಟರ್ ಅಗಲದ ಲೋಹದ ಪಟ್ಟಿಗಳ ಜಾಲ ಹೂತಿದೆ. ಅರ್ಥ್ ರೆಸಿಸ್ಟೆನ್ಸ್ 5 ಓಮ್‌ಗಿಂತ ಕಡಿಮೆ ಇರಬೇಕೆಂದು ಕರಾರಿನಲ್ಲಿದೆ. ಒಬ್ಬ ಎಲೆಕ್ಟ್ರಿಷಿಯನ್ ಅಳೆದಾಗ 4.8 ಓಮ್ ಬಂತು, ಪಾಸ್. ಇನ್ನೊಬ್ಬರು ಅದೇ ದಿನ, ಅದೇ ಮೀಟರಿನಲ್ಲಿ ಒಂದು ಗೂಟವನ್ನು ಎರಡೂವರೆ ಮೀಟರಿನಷ್ಟು ಆಚೆ ನೆಟ್ಟು ಅಳೆದರೆ 6 ಓಮ್, ಫೇಲ್. ಮೀಟರ್ ಕೆಟ್ಟಿಲ್ಲ, ಮಣ್ಣೂ ಬದಲಾಗಿಲ್ಲ.

ಈ ಪರೀಕ್ಷೆಗೆ ಫಾಲ್ ಆಫ್ ಪೊಟೆನ್ಷಿಯಲ್ ವಿಧಾನ ಎಂದು ಹೆಸರು. ಮೀಟರಿನ ಇ ತಂತಿ ಅಳೆಯಬೇಕಾದ ಅರ್ಥಿಗೆ ಸೇರುತ್ತದೆ. ದೂರದಲ್ಲಿ ನೆಟ್ಟ ಸಿ ಗೂಟಕ್ಕೆ ಎರಡನೆಯ ತಂತಿ, ಇವೆರಡರ ನಡುವೆ ಅದೇ ಗೆರೆಯಲ್ಲಿ ನೆಟ್ಟ ಪಿ ಗೂಟಕ್ಕೆ ಮೂರನೆಯದು. ಮೀಟರ್ ಇ ಮತ್ತು ಸಿ ನಡುವೆ ಮಣ್ಣಿನೊಳಗೆ ಕರೆಂಟ್ ಹರಿಸುತ್ತದೆ, ಇ ಮತ್ತು ಪಿ ನಡುವಿನ ವೋಲ್ಟೇಜ್ ಅಳೆಯುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಓಮ್.

ಅರ್ಥಿನಿಂದ ಹೊರಟ ಕರೆಂಟ್ ಮಣ್ಣಿನಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ. ಲೋಹದ ಹತ್ತಿರ ದಾರಿ ಕಿರಿದು, ಆದ್ದರಿಂದ ತಡೆ ಹೆಚ್ಚು. ದೂರ ಹೋದಂತೆ ದಾರಿ ಅಗಲವಾಗಿ ತಡೆ ಕರಗುತ್ತದೆ. ಪಿ ಗೂಟ ಅರ್ಥಿಗೆ ತೀರಾ ಹತ್ತಿರವಿದ್ದರೆ ಈ ತಡೆಯ ಒಂದು ಪಾಲು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ರೀಡಿಂಗ್ ಸುಳ್ಳಾಗಿ ಇಳಿಯುತ್ತದೆ. ಅದು ಸಿ ಹತ್ತಿರಕ್ಕೆ ಹೋದರೆ ಸಿ ಗೂಟದ ಸುತ್ತಲಿನ ತಡೆಯೂ ಸೇರಿಕೊಂಡು ರೀಡಿಂಗ್ ಏರುತ್ತದೆ. ಇಳಿಸುವ ತಪ್ಪು, ಏರಿಸುವ ತಪ್ಪು ಒಂದನ್ನೊಂದು ಸರಿಯಾಗಿ ಕಳೆದುಕೊಳ್ಳುವ ಜಾಗ ಒಂದಿದೆ. ಮಣ್ಣು ಒಂದೇ ಸಮನಾಗಿದ್ದರೆ ಅದು ಇ ಇಂದ ಸಿ ವರೆಗಿನ ದೂರದ ಶೇ. 61.8ರಲ್ಲಿ ಬರುತ್ತದೆ. ಕೆಲಸಗಾರರು ಹೇಳುವ "62 ಪರ್ಸೆಂಟ್" ಇದೇ.

ಮೇಲಿನ ಜಾಲವನ್ನು ಸುಮಾರು 4 ಮೀಟರ್ ತ್ರಿಜ್ಯದ ಅರ್ಧಗೋಳವೆಂದೂ, ಮಣ್ಣಿನ ರೆಸಿಸ್ಟಿವಿಟಿ 150 ಓಮ್-ಮೀಟರ್ ಎಂದೂ ಇಟ್ಟುಕೊಂಡು ಲೆಕ್ಕ ಹಾಕೋಣ. ನಿಜವಾದ ತಡೆ ಸುಮಾರು 6 ಓಮ್. ಸಿ ಗೂಟ ಜಾಲದ ನಡುಮಧ್ಯದಿಂದ 20 ಮೀಟರ್ ದೂರದಲ್ಲಿದೆ. ಪಿ 10 ಮೀಟರಿನಲ್ಲಿದ್ದರೆ 4.8 ಓಮ್, 12.4 ಮೀಟರಿನಲ್ಲಿದ್ದರೆ 6, 14 ಮೀಟರಿನಲ್ಲಿದ್ದರೆ 7. ನಾಲ್ಕು ಮೀಟರಿನ ಅಂತರದಲ್ಲಿ ಎರಡು ಓಮಿಗೂ ಹೆಚ್ಚು ವ್ಯತ್ಯಾಸ!

ಈಗ ಸಿ ಗೂಟವನ್ನು 100 ಮೀಟರ್ ದೂರಕ್ಕೆ ಒಯ್ಯಿರಿ. ಪಿ 50 ಮೀಟರಿನಲ್ಲಿ 5.7 ಓಮ್, 62ರಲ್ಲಿ 6, 70ರಲ್ಲಿ 6.2. ಗೂಟ 20 ಮೀಟರ್ ಸರಿದರೂ ಅರ್ಧ ಓಮ್ ಮಾತ್ರ ಬದಲಾಯಿತು. ದೂರ ಮತ್ತು ಓಮ್‌ಗಳನ್ನು ಗ್ರಾಫಿನಲ್ಲಿ ಬರೆದರೆ ಮೊದಲ ಸಲ ಏರುಗೆರೆ, ಎರಡನೆಯ ಸಲ ನಡುವೆ ಹೆಚ್ಚುಕಮ್ಮಿ ಸಮತಟ್ಟಾದ ಹಾಸು ಕಾಣುತ್ತದೆ. ಅರ್ಥಿನ ಪ್ರಭಾವವೂ ಸಿ ಗೂಟದ ಪ್ರಭಾವವೂ ಒಂದರ ಮೇಲೊಂದು ಬೀಳದಷ್ಟು ದೂರವಿದ್ದಾಗ ಮಾತ್ರ ಈ ಹಾಸು ಸಿಗುತ್ತದೆ.

ಅದಕ್ಕಾಗಿ ಒಂದೇ ರೀಡಿಂಗ್ ಬರೆದುಕೊಂಡು ತಂತಿ ಸುತ್ತಬಾರದು. 62 ಪರ್ಸೆಂಟಿನಲ್ಲಿ ಒಮ್ಮೆ, ಅದರ ಹಿಂದೆ ಮುಂದೆ ಹತ್ತು ಹತ್ತು ಪರ್ಸೆಂಟ್ ಸರಿಸಿ ಎರಡು ಸಲ ಅಳೆಯಬೇಕು. ಮೂರೂ ಹತ್ತಿರ ಹತ್ತಿರ ಬಂದರೆ ನಡುವಿನದನ್ನು ನಂಬಬಹುದು. ಒಂದೇ ಸಮನೆ ಏರುತ್ತ ಹೋದರೆ ಸಿ ಗೂಟ ಸಾಲದಷ್ಟು ದೂರದಲ್ಲಿದೆ ಎಂದರ್ಥ. ಪಿ ಅಲ್ಲ, ಸಿ ಗೂಟವನ್ನೇ ಕಿತ್ತು ಇನ್ನೂ ಆಚೆ ನೆಡಬೇಕು. ಒಂದೇ ರಾಡಿಗೆ 30ರಿಂದ 50 ಮೀಟರ್ ಸಾಮಾನ್ಯವಾಗಿ ಸಾಕಾದೀತು. ಜಾಲ ದೊಡ್ಡದಾದಂತೆ ದೂರವೂ ಬೆಳೆಯುತ್ತದೆ. ದೊಡ್ಡ ಸಬ್‌ಸ್ಟೇಷನ್ನಿಗೆ ನೂರಾರು ಮೀಟರ್ ತಂತಿ ಎಳೆಯಬೇಕಾಗುತ್ತದೆ.

ಇನ್ನೊಂದು ತಪ್ಪು ಟೇಪ್ ಹಿಡಿಯುವಲ್ಲೇ ಆಗುತ್ತದೆ. ದೂರವನ್ನು ಬೇಲಿಯಿಂದ ಅಳೆಯುತ್ತಾರೆ, ಆದರೆ ಶೇ. 61.8ರ ಲೆಕ್ಕ ಜಾಲದ ಮಧ್ಯದಿಂದ. ಒಂಟಿ ರಾಡಿನಲ್ಲಿ ಇದು ಲೆಕ್ಕಕ್ಕೆ ಬಾರದು, ಹರಡಿದ ಜಾಲದಲ್ಲಿ ಗೂಟ ತಪ್ಪು ಜಾಗಕ್ಕೆ ಬೀಳುತ್ತದೆ. ತೆಳ್ಳನೆ ಮಣ್ಣಿನ ಕೆಳಗೆ ಬಂಡೆಯಿರುವ ಕಡೆ ಆ ಸರಿಯಾದ ಜಾಗವೇ ಶೇ. 61.8ರಿಂದ ಸರಿಯುತ್ತದೆ; ಅಲ್ಲಿ ನಾಲ್ಕಾರು ಕಡೆ ಅಳೆದು ಗೆರೆ ಎಳೆದು ನೋಡಬೇಕು. ಗೂಟಗಳ ಸಾಲಿನಡಿ ಕಬ್ಬಿಣದ ನೀರಿನ ಪೈಪ್ ಇದ್ದರೂ ರೀಡಿಂಗ್ ಕೆಡುತ್ತದೆ. ಬೇರೆ ದಿಕ್ಕಿಗೆ ಸಾಲು ತಿರುಗಿಸಿ ಮತ್ತೆ ಅಳೆದಾಗ ಸಂಖ್ಯೆ ಬೇರೆಯಾದರೆ ಈ ಗುಮಾನಿ ಬರಬೇಕು.

ಒಣ ನೆಲದಲ್ಲಿ ಗೂಟದ ಬುಡಕ್ಕೆ ನೀರು ಹಾಕುವುದು ವಂಚನೆಯಲ್ಲ. ಅದರಿಂದ ಮೀಟರಿಗೆ ಸಾಕಷ್ಟು ಕರೆಂಟ್ ಸಿಗುತ್ತದೆ. ಆದರೆ ಅಳೆಯುವ ಅರ್ಥ್ ಪಿಟ್ಟಿಗೇ ಪರೀಕ್ಷೆಯ ಹೊತ್ತಿಗೆ ಬಕೆಟ್ ಸುರಿದರೆ ಬರುವುದು ಆ ಹೊತ್ತಿನ ಓಮ್ ಮಾತ್ರ. ಅರ್ಥ್ ಬೇರೆ ಅರ್ಥ್‌ಗಳಿಗೆ, ನ್ಯೂಟ್ರಲ್‌ಗೆ ಸೇರಿಕೊಂಡಿದ್ದರೆ ರೀಡಿಂಗ್ ಅವೆಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಬೇರ್ಪಡಿಸಿ ಅಳೆಯಬೇಕೆಂದರೆ ಮೊದಲು ಲೈನ್ ಆಫ್ ಆಗಲೇಬೇಕು. ಚಾಲೂ ಟ್ರಾನ್ಸ್‌ಫಾರ್ಮರಿನ ಅರ್ಥ್ ಬಿಚ್ಚುವುದು ಪ್ರಾಣಕ್ಕೆ ಅಪಾಯ.

ವರದಿಯಲ್ಲಿ "4.8 ಓಮ್" ಎಂದು ಮಾತ್ರ ಇದ್ದರೆ ಅದನ್ನು ಪರಿಶೀಲಿಸುವ ದಾರಿಯೇ ಇಲ್ಲ. ಸಿ ಗೂಟ ಎಷ್ಟು ದೂರ, ಪಿ ಯಾವ ಮೂರು ಜಾಗಗಳಲ್ಲಿತ್ತು, ಪ್ರತಿ ಜಾಗದ ಓಮ್ ಎಷ್ಟು, ಮಣ್ಣು ಒಣಗಿತ್ತೇ ಹಸಿಯಿತ್ತೇ ಎಂಬುದನ್ನೂ ಬರೆದಿದ್ದರೆ, ಮುಂದಿನ ವರ್ಷ ಬರುವವರು ಅದೇ ಜಾಗಗಳಲ್ಲಿ ಗೂಟ ನೆಟ್ಟು ಅರ್ಥ್ ಹದಗೆಟ್ಟಿದೆಯೇ ಎಂದು ಹೋಲಿಸಿ ನೋಡಬಹುದು.