‘ದೊಡ್ಡ ರೈಲು’ ಎಂದರೆ ಎಷ್ಟು ದೊಡ್ಡದು?

ಚನ್ನಪಟ್ಟಣದ ಗೊಂಬೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವರಿಗೆ ಮೊದಲು ಕೈಗೆ ಸಿಗುವುದು ವಾಟ್ಸಾಪ್‌ನಲ್ಲಿ ಬಂದ ಮಬ್ಬು ಫೋಟೋ, ಅದರ ಕೆಳಗೆ ಒಂದೇ ಸಾಲು: ‘ರೈಲು ದೊಡ್ಡದು, 350.’ ಇದು ಬಚ್ಚಿಡುವ ಬುದ್ಧಿಯಲ್ಲ. ದಿನವೂ ಅದೇ ರೈಲು ಮಾಡುವವರಿಗೆ ಅದರ ಅಳತೆ ಕೈಯಲ್ಲೇ ಇರುತ್ತದೆ, ಬರೆದಿಡುವ ಅಗತ್ಯ ಬಂದಿರುವುದಿಲ್ಲ. ‘ಸೈಜ್ ಎಷ್ಟು ಅಣ್ಣಾ?’ ಎಂದು ಕೇಳಿದರೆ ‘ಮೀಡಿಯಂಗಿಂತ ದೊಡ್ಡದು’ ಎಂಬ ಉತ್ತರ ಬರುತ್ತದೆ. ಪ್ರಶ್ನೆ ಹೇಗಿತ್ತೋ ಉತ್ತರವೂ ಹಾಗೇ. ಎಲ್ಲಿಂದ ಎಲ್ಲಿಗೆ, ಯಾವ ಮಾನದಲ್ಲಿ ಅಳೆಯಬೇಕೆಂದು ಕೇಳುವವರೇ ಹೇಳಬೇಕು. ಹೀಗೆ ಬರೆಯಬಹುದು:

‘ಅಣ್ಣಾ, ನಮಸ್ಕಾರ. ಇಂಜಿನ್ ಮತ್ತು ಎರಡು ಬೋಗಿಯ ರೈಲು ಇಷ್ಟವಾಯಿತು. ಮಾರಾಟಕ್ಕೆ ಹಾಕಲು ಕೆಲವು ವಿವರ ಬೇಕು. ಮೂರನ್ನೂ ಜೋಡಿಸಿದಾಗ ಒಟ್ಟು ಉದ್ದ, ಬಿಡಿಸಿದಾಗ ಒಂದೊಂದರ ಉದ್ದ, ಅಗಲ, ನೆಲದಿಂದ ಚಿಮಣಿ ತುದಿವರೆಗಿನ ಎತ್ತರ – ಎಲ್ಲವೂ ಸೆಂಟಿಮೀಟರ್‌ನಲ್ಲಿ. ಚಕ್ರದ ಅಡ್ಡಳತೆ ಮತ್ತು ದಪ್ಪ ಮಿಲಿಮೀಟರ್‌ನಲ್ಲಿ. ಡಬ್ಬ ಬಿಟ್ಟು ತೂಕ ಎಷ್ಟು? ಮರ ಯಾವುದು? ಇಂಜಿನ್ನಿನ ದುಂಡು ಭಾಗಕ್ಕೆ, ಕೆಳಗಿನ ಹಲಗೆಗೆ, ಚಕ್ರಕ್ಕೆ ಹಾಕಿದ ಬಣ್ಣ ಯಾವುದು, ಬೇರೆ ಬೇರೆಯಾಗಿ ತಿಳಿಸಿ. ಅಚ್ಚು ಮರದ್ದೋ ಕಬ್ಬಿಣದ್ದೋ? ಒಂದು ಪೀಸಿಗೂ ಇನ್ನೊಂದಕ್ಕೂ ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಬರುತ್ತದೆ? ಉತ್ತರ ವಾಯ್ಸ್ ಮೆಸೇಜ್‌ನಲ್ಲಿ ಹೇಳಿದರೂ ಸಾಕು, ನಾನು ಬರೆದುಕೊಂಡು ನಿಮಗೆ ತೋರಿಸುತ್ತೇನೆ.’

ಬಣ್ಣವನ್ನು ಭಾಗಭಾಗವಾಗಿ ಕೇಳುವುದಕ್ಕೆ ಕಾರಣವಿದೆ. ಚನ್ನಪಟ್ಟಣದ ಹೆಸರಾದ ಕೆಲಸ ಆಲೆಮರವನ್ನು ಲೇತಿನಲ್ಲಿ ಕಡೆದು ಅರಗು ಹಚ್ಚುವುದು. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ, ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆದರೆ ಚಪ್ಪಟೆ ಹಲಗೆಯನ್ನು ಹೀಗೆ ತಿರುಗಿಸಿ ಬಣ್ಣ ಹಚ್ಚಲಾಗದು, ಅದಕ್ಕೆ ಸಾಮಾನ್ಯವಾಗಿ ಬೇರೆ ಬಣ್ಣ ಬಳಿಯುತ್ತಾರೆ. ‘ಪೂರ್ತಿ ಅರಗಿನ ಬಣ್ಣ’ ಎಂದು ಬರೆದು ಮಾರಿದರೆ ಅರ್ಧ ಸುಳ್ಳಾಗಬಹುದು. ಅನುಮಾನವಿದ್ದರೆ ಮಾದರಿ ಪೀಸಿನ ಅಡಿಭಾಗಕ್ಕೆ ಸ್ಪಿರಿಟ್ ಅದ್ದಿದ ಹತ್ತಿಯನ್ನು ಉಜ್ಜಿ ನೋಡಿ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಮೇಲ್ಮೈ ಅಂಟಂಟಾಗಿ ಬಣ್ಣ ಹತ್ತಿಗೆ ಬರುತ್ತದೆ. ಒಣಗಿ ಗಟ್ಟಿಯಾದ ಎನಾಮಲ್ ಪೇಂಟ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಇದು ಮನೆಮಟ್ಟದ ಗುರುತು ಅಷ್ಟೆ. ಬಣ್ಣದಲ್ಲಿ ಸೀಸವಿದೆಯೇ ಎಂಬುದನ್ನು ಪ್ರಯೋಗಾಲಯವೇ ಹೇಳಬೇಕು.

ಚಕ್ರದ ಅಡ್ಡಳತೆ ಕೇಳಿದರೆ ಕುಶಲಕರ್ಮಿ ನಗಬಹುದು, ಆದರೆ ವಯಸ್ಸು ತೀರ್ಮಾನವಾಗುವುದು ಅಲ್ಲೇ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗಗಳನ್ನು 31.7 ಮಿ.ಮೀ. ಅಡ್ಡಳತೆಯ ಒಂದು ಕೊಳವೆಯೊಳಗೆ ಹಾಕಿ ಪರೀಕ್ಷಿಸುತ್ತಾರೆ. ಅದರೊಳಗೆ ಪೂರ್ತಿ ಕೂರುವಂಥದ್ದು ಮಗುವಿನ ಗಂಟಲಿಗೆ ಸಿಕ್ಕಬಹುದೆಂದು ಲೆಕ್ಕ. ‘ಚಕ್ರ 28, ದಪ್ಪ 10’ ಎಂದು ಉತ್ತರ ಬಂತೆನ್ನಿ. ಆ ಚಕ್ರ ಕಳಚಿಬಿದ್ದರೆ ಕೊಳವೆಯಲ್ಲಿ ಕೂರುತ್ತದೆ. ಆದ್ದರಿಂದ ಈ ರೈಲನ್ನು ಒಂದು ವರ್ಷದ ಮಗುವಿನ ಉಡುಗೊರೆ ಎಂದು ಮಾರಬಾರದು. ಹೇಗೂ ಭಾರತದಲ್ಲಿ 14 ವರ್ಷದೊಳಗಿನವರ ಆಟಿಕೆಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಿಗರಿಗೂ ಭೌಗೋಳಿಕ ಸೂಚಿ ಪಡೆದ ವಸ್ತುಗಳ ನೋಂದಾಯಿತ ತಯಾರಕರಿಗೂ ವಿನಾಯಿತಿ ಇದೆ. ಆ ನೋಂದಣಿಯ ಪ್ರತಿಯನ್ನೂ ಇದೇ ಸಂದೇಶದಲ್ಲಿ ಕೇಳಿಬಿಡುವುದು ಜಾಣತನ.

ಉದ್ದವನ್ನು ಎರಡು ಬಗೆಯಲ್ಲಿ ಕೇಳಿದ್ದು ಕೊರಿಯರ್ ಖರ್ಚಿಗಾಗಿ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಹೆಚ್ಚಾಗಿ 5000ದಿಂದ ಭಾಗಿಸಿ, ಬಂದ ಕಿಲೋವನ್ನು ನಿಜವಾದ ತೂಕದೊಂದಿಗೆ ಹೋಲಿಸುತ್ತಾರೆ. ಯಾವುದು ಹೆಚ್ಚೋ ಅದಕ್ಕೆ ಹಣ. ನಮ್ಮ ರೈಲು 650 ಗ್ರಾಂ ಇದ್ದು, ಜೋಡಿಸಿಯೇ 42×10×12ರ ಡಬ್ಬದಲ್ಲಿ ಇಟ್ಟರೆ ಲೆಕ್ಕ 1.008 ಕಿಲೋ. ಅರ್ಧ ಕಿಲೋಗೊಂದು ಮೆಟ್ಟಿಲಿನಂತೆ ಹಣ ಹಿಡಿಯುವವರು ಅದನ್ನು ಒಂದೂವರೆಗೆ ಏರಿಸುತ್ತಾರೆ. ಬೋಗಿ ಬಿಡಿಸಿ ಪಕ್ಕಪಕ್ಕ ಇಟ್ಟರೆ 15×24×11 ಸಾಕು, 0.79 ಕಿಲೋ, ಒಂದು ಕಿಲೋ ದರದಲ್ಲೇ ಮುಗಿಯುತ್ತದೆ.

ಇನ್ನು ಫೋಟೋ. ಅರಗಿನ ಹೊಳಪಿಗೆ ಫ್ಲ್ಯಾಷ್ ಶತ್ರು: ಬಿಳಿ ಚುಕ್ಕೆ ಬಿದ್ದು ಬಣ್ಣ ಮಾಯ. ಬೆಳಗ್ಗೆ ಕಿಟಕಿ ಪಕ್ಕ, ಬಿಳಿ ಹಾಳೆಯ ಮೇಲಿಟ್ಟು ಮುಂದಿನಿಂದ, ಪಕ್ಕದಿಂದ, ಅಡಿಯಿಂದ ತೆಗೆಯಲು ಹೇಳಿ. ಮತ್ತೊಂದರಲ್ಲಿ ಪಕ್ಕಕ್ಕೆ ಶಾಲೆಯ ಸ್ಕೇಲು ಇರಲಿ. ವಾಟ್ಸಾಪ್ ಫೋಟೋವನ್ನು ಕುಗ್ಗಿಸುವುದರಿಂದ ‘ಡಾಕ್ಯುಮೆಂಟ್’ ಆಗಿ ಕಳಿಸಲು ಕೋರಿ. ಸ್ಕೇಲಿನ ಫೋಟೋ ಗಿರಾಕಿಗಲ್ಲ, ನಿಮಗೆ. ಹೇಳಿದ ‘12’ ಸೆಂಟಿಮೀಟರೋ ಇಂಚೋ ಎಂಬುದು ಅದರಲ್ಲಿ ತಕ್ಷಣ ಗೊತ್ತಾಗುತ್ತದೆ. ಕೈಕೆಲಸವಾದ್ದರಿಂದ ಎರಡು ಮೂರು ಮಿಲಿಮೀಟರ್ ಹೆಚ್ಚುಕಮ್ಮಿ ಸಹಜ. ಆ ಮಾತನ್ನು ಗಿರಾಕಿಗೆ ಮೊದಲೇ ಬರೆದಿಟ್ಟರೆ, ಅಳತೆ ತಪ್ಪೆಂದು ಮಾಲು ವಾಪಸ್ ಬಂದಾಗ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.